ತಂಗಿ ಹತ್ತನೇ ಪರೀಕ್ಷೆ ಪ್ರೈವೇಟಾಗಿ ಕಟ್ಟಬೇಕು, ಹುಟ್ಟಿದ ದಿನಾಂಕದ್ದೇ ತಲೆನೋವು, ಸಹಾಯ ಬೇಕು

ನಮ್ಮದು ಮಂಜೇಶ್ವರದ ಹತ್ತಿರ. ತಂಗಿ ಎಂಟನೇ ಕ್ಲಾಸಿನ ಮಧ್ಯದಲ್ಲಿ ಶಾಲೆ ಬಿಟ್ಟಳು, ಈಗ 19 ವರ್ಷ. ಸಾಕ್ಷರತಾ ಮಿಷನ್ನಿನ ಹತ್ತನೇ ತುಲ್ಯತಾ ಪರೀಕ್ಷೆಗೆ ಕನ್ನಡದಲ್ಲೇ ಕೂರಿಸೋಣ ಅಂತ ಇದ್ದೇವೆ. 17 ತುಂಬಿರಬೇಕು, ಏಳನೇ ಪಾಸಾಗಿರಬೇಕು, ಎರಡೂ ಸರಿ ಇದೆ. ಟಿಸಿ ಕೂಡ ಸಿಕ್ಕಿತು.

ತೊಂದರೆ ಏನೆಂದರೆ, ಟಿಸಿಯಲ್ಲಿ ಹುಟ್ಟಿದ ತಿಂಗಳು ಜೂನ್, ಆಧಾರ್‌ನಲ್ಲಿ ಜನವರಿ. ಪಂಚಾಯತಿನ ಜನನ ಪ್ರಮಾಣಪತ್ರದಲ್ಲೂ ಜನವರಿಯೇ. ಶಾಲೆಗೆ ಸೇರಿಸುವಾಗ ಅಜ್ಜ ಬಾಯಲ್ಲಿ ಹೇಳಿದ್ದನ್ನೇ ಬರೆದುಕೊಂಡರಂತೆ! ಆಧಾರ್‌ನಲ್ಲಿ ಜನ್ಮದಿನಾಂಕ ತಿದ್ದಲು ಸಾಮಾನ್ಯವಾಗಿ ಒಂದೇ ಸಲ ಅವಕಾಶ, ಅದನ್ನು ಸುಮ್ನೆ ಮುಟ್ಟಲು ಹೆದರಿಕೆ. ಹತ್ತನೇ ಸರ್ಟಿಫಿಕೇಟಿನಲ್ಲಿ ಬಂದ ದಿನಾಂಕವನ್ನೇ ಮುಂದೆ ಪಾಸ್‌ಪೋರ್ಟಿಗೂ ಕೆಲಸಕ್ಕೂ ಕೇಳುತ್ತಾರೆ ಅಲ್ವಾ?

ಹಾಗಾಗಿ ಜನನ ಪ್ರಮಾಣಪತ್ರ ತೋರಿಸಿ ಮೊದಲು ಶಾಲೆಯ ದಾಖಲೆ ತಿದ್ದಿಸಿ, ಆಮೇಲೆ ಅರ್ಜಿ ಹಾಕುವುದೇ ಸರಿಯಾ? ಹೀಗೆ ತಿದ್ದಿಸಿದವರು ಇದ್ದರೆ, ಅರ್ಜಿ ಯಾರಿಗೆ ಕೊಟ್ಟಿರಿ, ಎಷ್ಟು ದಿನ ಹಿಡಿಯಿತು ಅಂತ ಹೇಳಿ.