ಬೇಕರಿಗೆ ಕೊಡಲೋ, ಮೆಡಿಕಲ್‌ಗೋ? ಅಂಗಡಿ ಬಾಡಿಗೆ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ (ಅಂಗಡಿ ಮಾಲೀಕರು, ತಿಪಟೂರು): ನಮ್ಮ ಮನೆಯ ಕೆಳಗೆ ಒಂದು ಅಂಗಡಿ ಇದೆ, 12 ಅಡಿ ಅಗಲ, 20 ಅಡಿ ಉದ್ದ. ಹಳೇ ಕಟ್ಟಡ, ಪಿಲ್ಲರ್ ಇಲ್ಲ, ಇಟ್ಟಿಗೆ ಗೋಡೆ ಮೇಲೇ ಆರ್‌ಸಿಸಿ ಕೂತಿದೆ. ಬೇಕರಿಯವರೊಬ್ಬರು 18,000 ಕೊಡ್ತೀನಿ ಅಂತಿದ್ದಾರೆ. ಆದ್ರೆ ಓವನ್, ಸಿಂಕ್, ಅಟ್ಟ ಬೇಕು, ಹಿಂದಿನ ಗೋಡೆಯಲ್ಲಿ ದೊಡ್ಡ ಬಾಗಿಲು ಒಡೀಬೇಕು ಅಂತಾರೆ. ಮೆಡಿಕಲ್ ಸ್ಟೋರ್‌ನವರು 15,000 ಅಂತಾರೆ, ಅವರಿಗೆ ರ‍್ಯಾಕು, ಬೋರ್ಡು ಸಾಕು. ಯಾರಿಗೆ ಕೊಡಲಿ? ವರ್ಷಕ್ಕೆ ಎಷ್ಟು ಏರಿಸಬಹುದು?

ಸದಸ್ಯರು, ಹುಬ್ಬಳ್ಳಿ: ಬೇಕರಿಗೇ ಕೊಡಿ. 11 ತಿಂಗಳ ಅಗ್ರಿಮೆಂಟ್ ಮಾಡಿ, ರಿಜಿಸ್ಟರ್ ಬೇಕಿಲ್ಲ. ಅದರಲ್ಲೇ ‘5 ವರ್ಷ, ವರ್ಷಕ್ಕೆ 10 ಪರ್ಸೆಂಟ್’ ಅಂತ ಬರೆಸಿಬಿಡಿ.

ಕಟ್ಟಡ ನಿರ್ವಹಣೆಯವರು, ತುಮಕೂರು (ಎಂಜಿನಿಯರ್, ಅಂಗಡಿ ಕಟ್ಟಡಗಳನ್ನು ನೋಡಿಕೊಳ್ಳುತ್ತಾರೆ): ಹುಬ್ಬಳ್ಳಿಯವರು ಹೇಳಿದ್ದು ಅರ್ಧ ಸರಿ. 11 ತಿಂಗಳಿಗೆ ರಿಜಿಸ್ಟರ್ ಕಡ್ಡಾಯ ಅಲ್ಲ, ನಿಜ. ಆದರೆ ಅದೇ ಪತ್ರದಲ್ಲಿ 5 ವರ್ಷ ಅಂತ ಬರೆದರೆ ಅದು ಒಂದು ವರ್ಷ ಮೀರಿದ ಲೀಸ್ ಆಗುತ್ತದೆ. 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಆಗಲೇಬೇಕು. ಆಗದಿದ್ದರೆ ನಾಳೆ ಜಗಳ ಕೋರ್ಟಿಗೆ ಹೋದಾಗ ‘ವರ್ಷಕ್ಕೆ ಇಷ್ಟು ಏರಿಕೆ’ ಅನ್ನೋ ಷರತ್ತು ತೋರಿಸಿ ಬಾಡಿಗೆ ಕೇಳೋದು ಕಷ್ಟ. ಏರಿಕೆ ಮೇಲೆ ನಿಮಗೆ ಭರವಸೆ ಬೇಕಿದ್ದರೆ ಮೂರೋ ಐದೋ ವರ್ಷಕ್ಕೆ ನೇರವಾಗಿ ರಿಜಿಸ್ಟರ್ ಮಾಡಿಸಿ. ಖರ್ಚನ್ನು ಇಬ್ಬರೂ ಹಂಚಿಕೊಳ್ಳಿ.

ಈಗ ಯಾರಿಗೆ ಅನ್ನೋದು. ಬೇಕರಿಯಿಂದ ವರ್ಷಕ್ಕೆ 36,000 ಜಾಸ್ತಿ ಬರುತ್ತದೆ. ಬೇಡ ಅನ್ನೋ ಮೊತ್ತ ಅಲ್ಲ. ಆದರೆ ಮೊದಲು ಅವರನ್ನು ಒಂದು ಮಾತು ಕೇಳಿ: ಬೇಯಿಸೋದು ಇಲ್ಲೇನಾ, ಅಥವಾ ಬೇರೆ ಕಡೆ ಮಾಡಿ ಇಲ್ಲಿ ಮಾರೋದಾ? ಎಷ್ಟೋ ಬೇಕರಿಗಳಿಗೆ ಊರ ಹೊರಗೆ ಒಂದೇ ಅಡುಗೆಮನೆ ಇರುತ್ತದೆ, ಅಂಗಡಿಗೆ ಬೆಳಗ್ಗೆ ಮಾಲು ಬರುತ್ತದೆ. ಬರೀ ಮಾರಾಟ ಅಂದರೆ ಓವನ್, ಹೊಗೆ ಕೊಳವೆ, ಮೇಲಿನ ಮನೆಗೆ ಶಾಖ ಯಾವುದೂ ಇಲ್ಲ. ಆಗ ಬೇಕರಿ ಒಳ್ಳೇ ಬಾಡಿಗೆದಾರರೇ.

ಇಲ್ಲೇ ಬೇಯಿಸೋದಾದರೆ ಕರೆಂಟ್ ಲೆಕ್ಕ ಬದಲಾಗುತ್ತದೆ. ಮೀಟರ್ ನಿಮ್ಮ ಹೆಸರಲ್ಲಿದೆ ಅಲ್ವಾ? ಮಂಜೂರಾದ ಲೋಡ್ 2 ಕಿಲೋವ್ಯಾಟ್ ಇದ್ದು ಅವರು ಕೇಳದೆ ದೊಡ್ಡ ಓವನ್ ಹಾಕಿದರೆ, ಬೆಸ್ಕಾಂ ತಪಾಸಣೆಯಲ್ಲಿ ಬರೋ ದಂಡದ ಬಿಲ್ ನಿಮ್ಮ ಆರ್‌ಆರ್ ನಂಬರಿಗೇ ಬರುತ್ತದೆ. ಲೋಡ್ ಏರಿಸೋ ಅರ್ಜಿ, ಅದರ ಠೇವಣಿ, ಹೊಸ ವೈರಿಂಗ್ ಎಲ್ಲ ಅವರ ಖರ್ಚು ಅಂತ ಬರೆಸಿ. ಬಿಟ್ಟು ಹೋಗುವಾಗ ಲೋಡ್ ಇಳಿಸಿಕೊಡಬೇಕು ಅಂತಲೂ ಸೇರಿಸಿ. ಇಲ್ಲದಿದ್ದರೆ ಅಂಗಡಿ ಖಾಲಿ ಇದ್ದಾಗಲೂ ಏರಿದ ಲೋಡಿನ ನಿಗದಿತ ಶುಲ್ಕ ನೀವು ಕಟ್ಟುತ್ತಾ ಇರಬೇಕು.

ಗೋಡೆ ವಿಷಯದಲ್ಲಿ ನಾನು ಗಟ್ಟಿಯಾಗಿ ಹೇಳ್ತೀನಿ. ಪಿಲ್ಲರ್ ಇಲ್ಲದ ಕಟ್ಟಡದಲ್ಲಿ 9 ಇಂಚಿನ ಗೋಡೆ ಬರೀ ಮರೆ ಅಲ್ಲ, ನಿಮ್ಮ ಮನೆಯ ಭಾರ ಅದರ ಮೇಲೇ ಇದೆ. ಎಂಜಿನಿಯರ್ ಬಂದು ನೋಡಿ, ಲಿಂಟಲ್ ಎಷ್ಟು ದಪ್ಪ, ಎರಡೂ ಕಡೆ ಎಷ್ಟು ಒಳಗೆ ಕೂರಬೇಕು, ಕೆಲಸದ ವೇಳೆ ಆಸರೆ ಎಲ್ಲಿ ಕೊಡಬೇಕು ಅಂತ ಬರೆದು ಕೊಡುವವರೆಗೂ ಒಂದು ಇಟ್ಟಿಗೆನೂ ತೆಗೆಯಲು ಬಿಡಬೇಡಿ. ಪೈಪ್ ಹಾಕೋಕೆ ಗೋಡೆ ಕೊರೆಯುವುದಾದರೂ ಅಡ್ಡಡ್ಡ ಉದ್ದಕ್ಕೆ ಕೊರೆಸಬೇಡಿ, ಗೋಡೆ ದಪ್ಪವೇ ಕಮ್ಮಿ ಆಗಿಬಿಡುತ್ತದೆ.

ಸದಸ್ಯೆ, ಮೈಸೂರು: ನಮ್ಮ ಮನೆ ಮಹಡಿಯ ಬಾಡಿಗೆದಾರರು ಖಾಲಿ ಮಾಡ್ತಾನೇ ಇಲ್ಲ ಸರ್, ಎರಡು ತಿಂಗಳ ಬಾಡಿಗೆನೂ ಬಾಕಿ. ಖಾಲಿ ಮಾಡಿ ಅಂತ 15 ದಿನದ ನೋಟಿಸ್ ಕೊಡಬಹುದಾ?

ಕಟ್ಟಡ ನಿರ್ವಹಣೆಯವರು: ಮೇಡಂ, ನಿಮ್ಮದು ವಾಸದ ಮನೆ, ಇಲ್ಲಿರೋದು ಅಂಗಡಿ. ಬಾಡಿಗೆ ಮೊತ್ತ, ಅಗ್ರಿಮೆಂಟ್ ನೋಡದೆ ನಾನು ಹೇಳೋದು ಸರಿಯಲ್ಲ. ವಕೀಲರಿಗೆ ಪತ್ರ ತೋರಿಸಿ.

ಅಂಗಡಿ ಮಾಲೀಕರು: ಬೇಕರಿಯವರನ್ನು ಕೇಳಿದೆ. ಓವನ್ ಇಲ್ಲೇ ಬೇಕಂತೆ. ಹಾಗಾದ್ರೆ ಮೆಡಿಕಲ್‌ಗೆ ಕೊಡೋದು ಅಂತ ಮನೆಯಲ್ಲಿ ಮಾತಾಯ್ತು. ಏರಿಕೆ ವರ್ಷಕ್ಕೆ 5 ಪರ್ಸೆಂಟ್ ಅಂದೆ, ಅವರು ಮೂರು ವರ್ಷಕ್ಕೊಮ್ಮೆ 15 ಕೊಡ್ತೀನಿ ಅಂತಾರೆ. ಎರಡೂ ಒಂದೇ ಅಲ್ವಾ?

ಕಟ್ಟಡ ನಿರ್ವಹಣೆಯವರು: ಒಂದೇ ಥರ ಕಾಣುತ್ತದೆ, ಒಂದೇ ಅಲ್ಲ. ವರ್ಷಕ್ಕೆ 5 ಅಂದರೆ ಎರಡನೇ ವರ್ಷ 15,750, ಮೂರನೇ ವರ್ಷ ಸುಮಾರು 16,540. ಅವರ ಲೆಕ್ಕದಲ್ಲಿ ಆ ಎರಡು ವರ್ಷವೂ 15,000ವೇ. ಮೊದಲ ಮೂರು ವರ್ಷದಲ್ಲೇ ನಿಮಗೆ ಸುಮಾರು 27,000 ಕಮ್ಮಿ. ನಾಲ್ಕನೇ ವರ್ಷ ಎರಡೂ ಹೆಚ್ಚುಕಡಿಮೆ ಸಮ ಆಗುತ್ತವೆ, 17,360 ಮತ್ತು 17,250. ಆಮೇಲೆ ಮತ್ತೆ ಅಂತರ ಶುರು.

ಹಾಗಂತ 10 ಪರ್ಸೆಂಟಿಗೆ ಹಟ ಹಿಡಿಯಬೇಡಿ. ಎರಡನೇ ವರ್ಷ 5ಕ್ಕೂ 10ಕ್ಕೂ ಇರೋ ವ್ಯತ್ಯಾಸ ಇಡೀ ವರ್ಷಕ್ಕೆ 9,000. ಬಾಡಿಗೆ ಜಾಸ್ತಿ ಆಯ್ತು ಅಂತ ಅವರು ಬಿಟ್ಟು, ಅಂಗಡಿ ಒಂದು ತಿಂಗಳು ಖಾಲಿ ಬಿದ್ದರೆ 15,000 ಹೋಯ್ತು. ವರ್ಷಾವರ್ಷ 10 ಏರಿದರೆ ಆರನೇ ವರ್ಷ 24,000 ದಾಟುತ್ತದೆ. ನಿಮ್ಮ ರಸ್ತೆಯಲ್ಲಿ ಆ ಬಾಡಿಗೆ ಯಾರು ಕೊಡ್ತಾರೆ, ಅಕ್ಕಪಕ್ಕ ವಿಚಾರಿಸಿ ನೋಡಿ.

ಮೆಡಿಕಲ್‌ನವರು ಈಗಿರೋ ಅಂಗಡಿಯ ಮಾಲೀಕರನ್ನೂ ಒಮ್ಮೆ ಮಾತಾಡಿಸಿ. ಬಾಡಿಗೆ ಸರಿಯಾಗಿ ಕೊಟ್ಟರಾ ಅಂತ ಎಲ್ಲರೂ ಕೇಳ್ತಾರೆ. ಅಂಗಡಿಯನ್ನು ಬೇರೆಯವರಿಗೆ ಒಳಬಾಡಿಗೆಗೆ ಕೊಟ್ಟಿದ್ದರಾ, ಯಾಕೆ ಬಿಡ್ತಿದ್ದಾರೆ ಅಂತಲೂ ಕೇಳಿ. ಬಿಡುವಾಗ ಗುಡ್‌ವಿಲ್ ಅಂತ ಹೊಸಬರಿಂದ ದುಡ್ಡು ತಗೊಂಡು ಕೀಲಿ ಅವರ ಕೈಗೆ ಕೊಟ್ಟು ಹೋಗೋ ರೂಢಿ ಕೆಲವು ಕಡೆ ಇದೆ. ಅದಕ್ಕೆ ಅವಕಾಶ ಇಲ್ಲ ಅಂತ ಪತ್ರದಲ್ಲಿ ಒಂದು ಸಾಲು ಹಾಕಿಸಿ.

ಇನ್ನು ‘ಬೋರ್ಡು ಸಾಕು’ ಅಂದಿದ್ದೀರಿ. ಬೋರ್ಡ್ ಎಲ್ಲಿಗೆ ಸಿಗಿಸ್ತಾರೆ ನೋಡಿಕೊಳ್ಳಿ. ಶಟರ್ ಮೇಲೆ ಚಾಚಿಕೊಂಡಿರೋ ಸಜ್ಜಾದಲ್ಲಿ ಮುಖ್ಯ ಕಂಬಿ ಇರೋದು ಮೇಲ್ಭಾಗದಲ್ಲಿ. ಮೇಲಿಂದ ಡ್ರಿಲ್ ಹಾಕಿದರೆ ಕಂಬಿಗೆ ಪೆಟ್ಟು ಬೀಳಬಹುದು. ಆ ತೂತಲ್ಲಿ ಮಳೆ ನೀರು ಇಳಿದು ಕಂಬಿ ತುಕ್ಕು ಹಿಡಿಯುತ್ತದೆ. ಎರಡು ಮೂರು ಮಳೆಗಾಲ ಕಳೆದ ಮೇಲೆ ಕೆಳಗೆ ಕಂದು ಕಲೆ ಕಾಣುತ್ತದೆ, ಆಮೇಲೆ ಗಾರೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಆ ಹೊತ್ತಿಗೆ ಗಿರಾಕಿ ಕೆಳಗೆ ನಿಂತಿರ್ತಾರೆ. ಬೋರ್ಡಿನ ಫ್ರೇಮನ್ನು ಶಟರ್ ಮೇಲಿನ ಗೋಡೆಗೆ ಬೋಲ್ಟ್ ಹಾಕಿ ನಿಲ್ಲಿಸಲಿ. ಭಾರದ ಬೋರ್ಡ್ ಆದರೆ ಸಜ್ಜಾಕ್ಕೆ ನೇತು ಹಾಕಿಸಲೇಬೇಡಿ.

ಸದಸ್ಯರು, ಹುಬ್ಬಳ್ಳಿ: ಮತ್ತೆ ಜಿಎಸ್‌ಟಿ? ಬಾಡಿಗೆಗೆ 18 ಪರ್ಸೆಂಟ್ ಅಂತಾರಲ್ಲ.

ಕಟ್ಟಡ ನಿರ್ವಹಣೆಯವರು: ಮಾಲೀಕರು ಜಿಎಸ್‌ಟಿ ನೋಂದಣಿ ಮಾಡಿಸಿಲ್ಲ, ಬಾಡಿಗೆದಾರರು ಮಾಡಿಸಿದ್ದಾರೆ ಅಂದರೆ, 2024ರ ಅಕ್ಟೋಬರ್‌ನಿಂದ ಅದನ್ನು ಕಟ್ಟೋ ಜವಾಬ್ದಾರಿ ಬಾಡಿಗೆದಾರರದು. ಕಾಂಪೋಸಿಷನ್ ಸ್ಕೀಮಿನವರಿಗೆ ಆಮೇಲೆ ವಿನಾಯಿತಿ ಸಿಕ್ಕಿದೆ. ಮೆಡಿಕಲ್‌ನವರು ಯಾವುದರಲ್ಲಿದ್ದಾರೆ ಅಂತ ಕೇಳಿ. ‘ತೆರಿಗೆ ಸೇರಿ 15,000’ ಅನ್ನೋ ಮಾತಿಗೆ ಮಾತ್ರ ಒಪ್ಪಬೇಡಿ.

ಅಂಗಡಿ ಮಾಲೀಕರು: ಕೇಳ್ತೀನಿ ಸರ್. ಏರಿಕೆ ವರ್ಷಕ್ಕೆ 5 ಅಂತ ನಿಲ್ತೀನಿ, ಒಪ್ಪದಿದ್ರೆ 4ಕ್ಕೆ ಇಳೀತೀನಿ. ಆದ್ರೆ ಅವರು ಈಗ ಔಷಧಿ ಪೆಟ್ಟಿಗೆ ಇಡೋಕೆ ಅಟ್ಟ ಬೇಕು ಅಂತ ಹೊಸದಾಗಿ ಶುರು ಮಾಡಿದ್ದಾರೆ.

ಕಟ್ಟಡ ನಿರ್ವಹಣೆಯವರು: ಗೋಡೆಯೊಳಗೆ ತೊಲೆ ಕೂರಿಸೋ ಅಟ್ಟ ಬೇಡ. ನೆಲದ ಮೇಲೇ ನಿಲ್ಲೋ ಕಬ್ಬಿಣದ ಕಾಲಿನ ಅಟ್ಟ ಆದರೆ, ಹೋಗುವಾಗ ಬಿಚ್ಚಿಕೊಂಡು ಹೋಗಬಹುದು. ಎತ್ತರ ಎಷ್ಟಿದೆ ಒಳಗೆ? 10 ಅಡಿಗಿಂತ ಕಮ್ಮಿ ಇದ್ದರೆ ಕೆಳಗೆ ನಿಲ್ಲೋದೇ ಕಷ್ಟ. ಅಳತೆ ಹಾಕಿ, ಶಟರ್ ತೆರೆದು ಒಳಗಿನ ಒಂದು ಫೋಟೋನೂ ಹಾಕಿ, ನೋಡಿ ಹೇಳ್ತೀನಿ.