ಅಪ್‌ಡೇಟ್: ಜೀಪಿನ ಲೆಕ್ಕದಲ್ಲಿತ್ತು ಗುಟ್ಟು

ನನ್ನ ಪ್ರಶ್ನೆ: ಕೊಡಗು ಟ್ರಿಪ್‌ನ ಖರ್ಚೆಲ್ಲ ನಾನೇ ಕೊಟ್ಟಿದ್ದೇನೆ. ಗ್ರೂಪಲ್ಲಿ ಮುಜುಗರ ಆಗದ ಹಾಗೆ ಕೇಳೋದು ಹೇಗೆ?

ಎಲ್ಲರ ದುಡ್ಡೂ ಬಂತು. ಕೈಹಿಡಿದದ್ದು "ಲೆಕ್ಕ ಬಿಡಿಸಿ ಹಾಕು" ಅಂದವರ ಸಲಹೆ. ಆರು ಜನರ ಹೋಂಸ್ಟೇಗೆ 12,000, ಅಂದ್ರೆ ತಲೆಗೆ 2,000. ಮಾಂದಲಪಟ್ಟಿ ಜೀಪಿಗೆ 2,400. ಹತ್ತಿದ್ದು ನಾಲ್ವರು, ಅವರಿಗೆ ಮಾತ್ರ 600 ಸೇರಿಸಿದೆ. ಇಷ್ಟು ದಿನ ಸುಮ್ಮನಿದ್ದವರು ಮಡಿಕೇರಿಯಲ್ಲೇ ಉಳಿದಿದ್ದ ಇಬ್ಬರು! ಮೊದಲು ಎಲ್ಲರಿಗೂ ಸಮ ಅಂತ ತಲೆಗೆ 2,400 ಕೇಳಿದ್ದು ಅವರಿಗೆ ಹಿಡಿಸಿರಲಿಲ್ಲ, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೇ. ಹೊಸ ಲೆಕ್ಕ ನೋಡಿ ಅವರೇ ಮೊದಲು ಕಳಿಸಿದರು.

ಯುಪಿಐನಲ್ಲಿ ರಿಕ್ವೆಸ್ಟ್ ಕಳಿಸೋ ಸಲಹೆ ನಡೆಯಲಿಲ್ಲ. ವ್ಯಕ್ತಿಯಿಂದ ವ್ಯಕ್ತಿಗೆ ಹಾಗೆ ಹಣ ಕೇಳೋದನ್ನ ವಂಚನೆ ತಡೆಯೋಕೆ 2025ರ ಅಕ್ಟೋಬರ್‌ನಿಂದ ನಿಲ್ಲಿಸಿದ್ದಾರಂತೆ. ಬದಲಿಗೆ ನನ್ನ ಯುಪಿಐ ಐಡಿ ಜೊತೆ ಅವರವರ ಮೊತ್ತ ಬರೆದು ಒಬ್ಬೊಬ್ಬರಿಗೆ ಬೇರೆಬೇರೆ ಕಳಿಸಿದೆ. ಒಬ್ಬ ಮಾತ್ರ "ಸಂಬಳ ಬರ್ಲಿ ಮಾರಾಯ" ಅಂದ, ಬಂದ ದಿನವೇ ಹಾಕಿದ.