ಪದಚರ್ಚೆ: ‘ಖಾತೆಯ ಶೇಕಡಾ 1 ಅಪಾಯ’ ಎಂದು ಬರೆದರೆ ಓದಿದವರಿಗೆ ಏನು ತಿಳಿಯುತ್ತದೆ?

ಪ್ರಶ್ನೆ, ರಾಜಾಜಿನಗರದಿಂದ

ಎಲ್ಲರಿಗೂ ನಮಸ್ಕಾರ. ಷೇರು ಕೊಳ್ಳುವ, ಮಾರುವ ಆರ್ಡರುಗಳನ್ನು ತಾನಾಗಿಯೇ ಕಳಿಸುವ ಒಂದು ಪ್ರೋಗ್ರಾಮಿಗೆ ಕನ್ನಡದಲ್ಲಿ ಕೈಪಿಡಿ ಬರೆಯುತ್ತಿದ್ದೇನೆ. ಓದುವವರು ನಮ್ಮ ಬಡಾವಣೆಯ ಏಳೆಂಟು ಮಂದಿ. ಅದರಲ್ಲಿ ಒಂದೇ ಒಂದು ವಾಕ್ಯ ನನ್ನನ್ನು ಎರಡು ವಾರದಿಂದ ಕಾಡುತ್ತಿದೆ.

ನಾನು ಬರೆದದ್ದು ಹೀಗೆ: ‘ಪ್ರತಿ ವಹಿವಾಟಿನಲ್ಲಿ ಖಾತೆಯ ಶೇಕಡಾ 1ರಷ್ಟು ಅಪಾಯ ತೆಗೆದುಕೊಳ್ಳಿ.’

ಹೇಳಬೇಕಾಗಿದ್ದದ್ದು ಇದು. ಖಾತೆಯಲ್ಲಿ 5,00,000 ರೂಪಾಯಿ ಇದೆ ಎನ್ನಿ. ಒಂದು ಷೇರನ್ನು 840ಕ್ಕೆ ಕೊಳ್ಳುತ್ತೇವೆ, 815ಕ್ಕೆ ಇಳಿದರೆ ನಮ್ಮ ಎಣಿಕೆ ತಪ್ಪಿತೆಂದು ಒಪ್ಪಿಕೊಂಡು ಮಾರುತ್ತೇವೆ. ಆ 815ಕ್ಕೇ ಸ್ಟಾಪ್‌ಲಾಸ್, ಚಿಕ್ಕದಾಗಿ ಸ್ಟಾಪ್, ಎನ್ನುತ್ತಾರೆ. ಅಂದರೆ ಒಂದು ಷೇರಿಗೆ ಹೋಗುವುದು 25 ರೂಪಾಯಿ. ಖಾತೆಯ ನೂರರಲ್ಲಿ ಒಂದು ಪಾಲು ಎಂದರೆ 5,000. ಅದನ್ನು 25ರಿಂದ ಭಾಗಿಸಿದರೆ 200 ಷೇರು. ಹೂಡಿದ ಹಣ 1,68,000 ಆಗುತ್ತದೆ, ಎಣಿಕೆ ತಪ್ಪಿದರೆ ಹೋಗುವುದು ಮಾತ್ರ 5,000.

ನನ್ನ ಚಿಕ್ಕಪ್ಪ ಆ ವಾಕ್ಯ ಓದಿ ಐದು ಷೇರು ಕೊಂಡರು. ಯಾಕೆ ಎಂದು ಕೇಳಿದೆ. ‘ಶೇಕಡಾ 1 ಅಂದ್ರೆ ಐದು ಸಾವಿರ, ಅಷ್ಟಕ್ಕೆ ಐದೇ ಬರೋದು ಕಣಮ್ಮ’ ಎಂದರು. ಅವರ ಓದಿನಲ್ಲಿ ಷೇರಿಗೆ ಹಾಕುವ ಹಣವೇ ‘ಅಪಾಯ’. ಅವರ ತಪ್ಪಿನಿಂದ ನಷ್ಟವಾಗಲಿಲ್ಲ, ಆದರೆ ವಾಕ್ಯ ಸೋತಿತು. ಹೂಡಿದ ಹಣ ಬೇರೆ, ಕಳೆದುಕೊಳ್ಳಲು ಒಪ್ಪಿದ ಹಣ ಬೇರೆ ಎಂದು ಓದಿದ ಕೂಡಲೇ ಹೊಳೆಯುವಂಥ ಪದ ಕನ್ನಡದಲ್ಲಿ ಯಾವುದಿದೆ?

ಬಸವನಗುಡಿಯಿಂದ, ನಿವೃತ್ತ ಕನ್ನಡ ಅಧ್ಯಾಪಕ

ಅಮ್ಮಾ, ‘ಅಪಾಯ’ಕ್ಕೆ ಸಂಸ್ಕೃತದಲ್ಲಿ ಮೊದಲ ಅರ್ಥ ‘ದೂರ ಹೋಗುವುದು’, ಅದರಿಂದ ‘ಹಾನಿ, ನಾಶ’. ಅಂದರೆ ಕೈಬಿಟ್ಟು ಹೋಗುವ ವಸ್ತುವಿನ ಮೇಲೇ ಆ ಮಾತು ನಿಂತಿತ್ತು. ಇವತ್ತಿನ ಕನ್ನಡದಲ್ಲಿ ಅದು ಸನ್ನಿವೇಶದ ಹೆಸರಾಗಿಬಿಟ್ಟಿದೆ. ‘ಅಪಾಯ, ಹೈ ವೋಲ್ಟೇಜ್’ ಎಂಬ ಫಲಕದಲ್ಲಿ ಎಷ್ಟು ಎಂಬ ಪ್ರಶ್ನೆ ಇಲ್ಲ. ಅಳೆಯಲಾಗದ ಪದದ ಮುಂದೆ ‘ಶೇಕಡಾ 1’ ಎಂದು ಅಳತೆ ಕೂರಿಸಿದಿರಿ. ಓದಿದವರು ಅಳೆಯಲು ಬರುವ ಬೇರೊಂದನ್ನು ಹುಡುಕಿ, ಹೂಡಿಕೆಗೆ ಅದನ್ನು ಅಂಟಿಸಿಕೊಂಡರು. ನಿಮ್ಮ ಚಿಕ್ಕಪ್ಪನವರ ಓದು ಸಹಜವಾದದ್ದು.

ನನ್ನ ಸಲಹೆ ‘ಒಡ್ಡು’ ಎಂಬ ಕ್ರಿಯಾಪದ. ‘ಪಣವೊಡ್ಡು’ ಎನ್ನುತ್ತೇವೆ, ‘ಮಳೆಗೆ ಮೈಯೊಡ್ಡು’ ಎನ್ನುತ್ತೇವೆ. ‘ಖಾತೆಯ ನೂರರಲ್ಲಿ ಒಂದು ಪಾಲನ್ನು ಮಾತ್ರ ನಷ್ಟಕ್ಕೆ ಒಡ್ಡಿ’ ಎಂದರೆ ಉಳಿದ ತೊಂಬತ್ತೊಂಬತ್ತು ಪಾಲು ಒಳಗೇ ಇದೆ ಎಂಬ ಭಾವ ಬರುತ್ತದೆ. ಬರೀ ‘ಪಣ’ ಬೇಡ, ಜೂಜಿನ ವಾಸನೆ ಹೊಡೆಯುತ್ತದೆ.

ವಿಜಯನಗರದಿಂದ

ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಮೇಡಂ? ಎಲ್ಲರೂ ರಿಸ್ಕ್ ಅಂತಾರೆ, ಹಾಗೇ ಬರೀರಿ. ಕೊಂಡ ಬೆಲೆಗಿಂತ ಶೇಕಡಾ 1 ಕೆಳಗೆ ಸ್ಟಾಪ್‌ಲಾಸ್ ಇಟ್ಟರೆ ರಿಸ್ಕ್ ಶೇಕಡಾ 1. ನಾನು ಮೂರು ವರ್ಷದಿಂದ ಹಾಗೇ ಮಾಡ್ತಿದ್ದೀನಿ. ಇನ್ನು ಈ ಲೆಕ್ಕದ ಇಂಗ್ಲಿಷ್ ಹೆಸರಲ್ಲಿ ‘ಫಿಕ್ಸೆಡ್’ ಅಂತ ಬರುತ್ತಲ್ಲ, ಅದಕ್ಕೆ ‘ನಿಗದಿತ ಮೊತ್ತ’ ಅಂದರೆ ಸಾಕು.

ಎಚ್‌ಎಸ್‌ಆರ್ ಬಡಾವಣೆಯಿಂದ

ನಾನು ಇಂಥ ಪ್ರೋಗ್ರಾಮುಗಳನ್ನೇ ಬರೆದು ಜೀವನ ಮಾಡುವವನು. ವಿಜಯನಗರದವರ ಲೆಕ್ಕ ಒಂದು ಸಂದರ್ಭದಲ್ಲಿ ಸರಿ. ಇಡೀ ಐದು ಲಕ್ಷವನ್ನೂ ಒಂದೇ ಷೇರಿಗೆ ಹಾಕಿದರೆ 840ರಂತೆ 595 ಷೇರು ಬರುತ್ತವೆ. ಶೇಕಡಾ 1 ಕೆಳಗೆ, ಅಂದರೆ 8 ರೂಪಾಯಿ 40 ಪೈಸೆ ಇಳಿದಾಗ ಮಾರಿದರೆ ನಷ್ಟ 4,998. ಖಾತೆಯ ಶೇಕಡಾ 1 ಹೌದು. ಆದರೆ ಆ ಷೇರು ದಿನಾ ಹತ್ತು ಹನ್ನೆರಡು ರೂಪಾಯಿ ಸುಮ್ಮನೆ ಏರಿಳಿಯುವಂಥದ್ದಾದರೆ ಸ್ಟಾಪ್ ವಿನಾಕಾರಣ ಹೊಡೆಯುತ್ತದೆ. ಸ್ಟಾಪ್ ಎಲ್ಲಿರಬೇಕೆಂದು ಹೇಳಬೇಕಾದದ್ದು ಷೇರಿನ ನಡೆ. ಅದಕ್ಕೆ 815 ಬೇಕಿದ್ದರೆ ಅದೇ 595 ಷೇರಿಗೆ 14,875 ಹೋಗುತ್ತದೆ, ಹತ್ತಿರ ಹತ್ತಿರ ಶೇಕಡಾ 3. ಆದ್ದರಿಂದ ಸ್ಟಾಪ್ ಮೊದಲು, ಆಮೇಲೆ ಷೇರಿನ ಸಂಖ್ಯೆ. ಇವರು ಅದನ್ನು ತಿರುಗಿಸಿದ್ದಾರೆ.

‘ನಿಗದಿತ ಮೊತ್ತ’ವೂ ದಾರಿ ತಪ್ಪಿಸುತ್ತದೆ. ಇಲ್ಲಿ ಬದಲಾಗದೆ ನಿಲ್ಲುವುದು ಪಾಲು. ಖಾತೆ 4,60,000ಕ್ಕೆ ಇಳಿದಿದ್ದರೆ ಮುಂದಿನ ಸಲ ಒಡ್ಡುವುದು 4,600. ‘ಮೊತ್ತ’ ಎಂದು ಓದಿದವನು ಪ್ರೋಗ್ರಾಮಿನಲ್ಲಿ 5000 ಎಂದೇ ಬರೆದಿಡುತ್ತಾನೆ, ಖಾತೆ ಕರಗುತ್ತಿದ್ದರೂ ಆ ಸಂಖ್ಯೆ ಕದಲುವುದಿಲ್ಲ.

ಮುಖ್ಯವಾದ ಮಾತು ಇನ್ನೊಂದಿದೆ. ಮೇಷ್ಟ್ರು ಹೇಳಿದ ‘ಮಾತ್ರ’ ಎಂಬ ಪದಕ್ಕೆ ನನಗೆ ಭಯವಿದೆ. ನನ್ನದೇ ಅನುಭವ ಹೇಳುತ್ತೇನೆ. ಹಿಂದಿನ ಐದು ನಿಮಿಷದ ಕ್ಯಾಂಡಲ್‌ನ, ಅಂದರೆ ಆ ಐದು ನಿಮಿಷದಲ್ಲಿ ಕಂಡ, ಕೆಳಬೆಲೆಯನ್ನು ಸ್ಟಾಪ್ ಎಂದು ತೆಗೆದುಕೊಳ್ಳುವ ಪ್ರೋಗ್ರಾಮ್ ಬರೆದಿದ್ದೆ. ಒಂದು ಮಧ್ಯಾಹ್ನ ಮಾರುಕಟ್ಟೆ ಮಲಗಿತ್ತು. ಕೊಂಡ ಬೆಲೆ 840, ಕೆಳಬೆಲೆ 837.50. ಅಂತರ ಎರಡೂವರೆ ರೂಪಾಯಿ. ಪ್ರೋಗ್ರಾಮ್ 5,000ವನ್ನು 2.50ರಿಂದ ಭಾಗಿಸಿ 2,000 ಷೇರಿಗೆ ಆರ್ಡರ್ ಕಳಿಸಿತು. ಅದರ ಬೆಲೆ 16,80,000. ಅದೇ ದಿನ ಮಾರಿ ಮುಗಿಸುವ ವಹಿವಾಟಾದ್ದರಿಂದ ಬ್ರೋಕರ್ ಖಾತೆಯ ಹಣದ ಐದು ಪಟ್ಟಿನವರೆಗೆ ಕೊಳ್ಳಲು ಬಿಡುತ್ತಿದ್ದರು, ಆರ್ಡರ್ ಸಲೀಸಾಗಿ ಹೋಯಿತು. ಸ್ಟಾಪ್ 837.50ಕ್ಕೆ ಎಚ್ಚೆತ್ತು 837ಕ್ಕಿಂತ ಕಡಿಮೆಗೆ ಮಾರಬಾರದು ಎಂಬ ಲಿಮಿಟ್ ಆರ್ಡರ್. ಯಾರೋ ದೊಡ್ಡ ಮಾರಾಟ ಮಾಡಿದರು, ಬೆಲೆ 838ರಿಂದ ನೇರ 832ಕ್ಕೆ ಜಿಗಿಯಿತು. ನನ್ನ ಆರ್ಡರ್ 837ರಲ್ಲಿ ‘ಪೆಂಡಿಂಗ್’ ಎಂದು ನಿಂತೇ ಇತ್ತು. ನಾನು ಕೈಯಾರೆ ಮಾರಿದಾಗ 828. ಷೇರಿಗೆ 12 ರೂಪಾಯಿಯಂತೆ 24,000. ಕಾಗದದ ಮೇಲೆ ಶೇಕಡಾ 1, ಕೈಬಿಟ್ಟದ್ದು ಶೇಕಡಾ 4.8.

ಸೂತ್ರದ ಗುಣವೇ ಅದು. ಸ್ಟಾಪ್ ಹತ್ತಿರ ಬಂದಷ್ಟೂ ಸಂಖ್ಯೆ ಹಿಗ್ಗುತ್ತದೆ. ಅದಕ್ಕೇ ಈಗ ಎರಡನೆಯ ಕಟ್ಟು ಹಾಕಿದ್ದೇನೆ, ಒಂದೇ ಷೇರಿನಲ್ಲಿ ಖಾತೆಯ ಶೇಕಡಾ 40ಕ್ಕಿಂತ ಹೆಚ್ಚು ಹಣ ಕೂರುವಂತಿಲ್ಲ:

```python
per_share = entry - stop
by_risk  = int(equity * 0.01 / per_share)
by_value = int(equity * 0.40 / entry)
qty = min(by_risk, by_value)
```

ಮೊದಲ ಉದಾಹರಣೆಗೆ 200 ಹಾಗೇ ಉಳಿಯುತ್ತದೆ. ನನ್ನ ಮಧ್ಯಾಹ್ನದ ವಹಿವಾಟು 2,000ದಿಂದ 238ಕ್ಕೆ ಇಳಿಯುತ್ತಿತ್ತು, 12 ರೂಪಾಯಿ ಜಾರಿದ್ದರೂ 2,856 ಹೋಗುತ್ತಿತ್ತು. ಶೇಕಡಾ 40 ನಾನು ಆರಿಸಿಕೊಂಡದ್ದು, ಶಾಸ್ತ್ರವೇನಲ್ಲ. ಅದೇ ದಿನ ಮಾರದೆ ರಾತ್ರಿಯೂ ಇಟ್ಟುಕೊಳ್ಳುವವರು ಇನ್ನೂ ಕಡಿಮೆ ಇಡಬೇಕು. 2020ರ ಮಾರ್ಚ್ 23ರಂದು ನಿಫ್ಟಿ ಬೆಳಗ್ಗೆಯೇ ಶೇಕಡಾ 10 ಬಿದ್ದು 45 ನಿಮಿಷ ವಹಿವಾಟೇ ನಿಂತಿತು, ದಿನದ ಕೊನೆಗೆ ಶೇಕಡಾ 13ರಷ್ಟು ಕೆಳಗಿತ್ತು. ಹಿಂದಿನ ದಿನದ ಬೆಲೆಗಿಂತ ಶೇಕಡಾ 3 ಕೆಳಗೆ ಸ್ಟಾಪ್ ಇಟ್ಟವರಿಗೆ ಆ ಬೆಲೆ ಸಿಗುವುದು ಹೇಗೆ? ಆದ್ದರಿಂದ ‘ಮಾತ್ರ’, ‘ಮಿತಿ’, ‘ಗರಿಷ್ಠ’ ಮೂರೂ ಬೇಡ. ‘ಸ್ಟಾಪ್ ಬೆಲೆಗೇ ಮಾರಾಟವಾದರೆ’ ಎಂಬ ಷರತ್ತು ವಾಕ್ಯದೊಳಗೇ ಬರಲಿ.

ಯಶವಂತಪುರದಿಂದ, ದಿನಸಿ ಮಂಡಿ

ಪಾಲಿನ ಲೆಕ್ಕ ಅಂತ ನೋಡಿ ಬರೀತಿದ್ದೀನಿ, ಪಾಲುದಾರಿಕೆ ವಿಷಯ ಅಂದ್ಕೊಂಡಿದ್ದೆ. ಷೇರು ನನಗೆ ಗೊತ್ತಿಲ್ಲ. ನಮ್ಮಲ್ಲಿ ಅಂಗಡಿಯವರಿಗೆ ಉದ್ರಿ ಕೊಡುವಾಗ ನಮ್ಮ ತಂದೆ ಒಂದು ಮಾತು ಹೇಳೋರು: ‘ಹೋದರೆ ಹೋಗೋ ದುಡ್ಡು’ ಎಷ್ಟು ಅಂತ ಮೊದಲು ಬರ್ಕೋ. ಒಬ್ಬ ಗಿರಾಕಿಗೆ ಎರಡು ಲಕ್ಷದ ಬೇಳೆ ಹೋಗಬಹುದು, ಅವನು ಒಂದೂಮುಕ್ಕಾಲು ಲಕ್ಷ ಮುಂಗಡ ಕೊಟ್ಟಿದ್ದರೆ ಹೋದರೆ ಹೋಗೋ ದುಡ್ಡು ಇಪ್ಪತ್ತೈದೇ ಸಾವಿರ. ಮಾಲಿನ ಬೆಲೆ ಬೇರೆ, ಇದು ಬೇರೆ. ನೀವು ಕೇಳ್ತಿರೋದು ಇದೇನಾ ಗೊತ್ತಿಲ್ಲ.

ಮತ್ತೆ ಬಸವನಗುಡಿಯಿಂದ

ಮಂಡಿಯವರು ನನಗಿಂತ ಚೆನ್ನಾಗಿ ಹೇಳಿದರು. ‘ಹೋದರೆ’ ಎಂಬ ಪಕ್ಷಾರ್ಥಕದಲ್ಲಿಯೇ ಷರತ್ತು ಅಡಗಿದೆ. ‘ಒಡ್ಡು’ ನನ್ನ ಮೊದಲ ಆಯ್ಕೆಯಾಗಿಯೇ ಇರುತ್ತದೆ, ಕ್ರಿಯಾಪದ ಬೇಕಾದಲ್ಲಿ ‘ಹೋದರೆ ಹೋಗುವ ಹಣ’ ಕೂರುವುದಿಲ್ಲ.

ವಿಜಯನಗರದಿಂದ

595 ಷೇರಿನ ಲೆಕ್ಕ ಒಪ್ಪಿದೆ. ಆದರೂ ನನ್ನ ಸ್ನೇಹಿತರಿಗೆಲ್ಲ ‘ರಿಸ್ಕ್’ ಅರ್ಥವಾಗುವಷ್ಟು ಬೇರೇನೂ ಆಗಲ್ಲ.

ಪ್ರಶ್ನೆ ಕೇಳಿದವಳು, ರಾಜಾಜಿನಗರದಿಂದ

ವಾಕ್ಯವನ್ನು ಹೀಗೆ ತಿದ್ದಿ ಚಿಕ್ಕಪ್ಪನ ಮುಂದಿಟ್ಟೆ:

‘ಈ ವಹಿವಾಟಿನಲ್ಲಿ ಹೋದರೆ ಹೋಗುವ ಹಣ ಖಾತೆಯ ನೂರರಲ್ಲಿ ಒಂದು ಪಾಲು, ಸ್ಟಾಪ್ ಬೆಲೆಗೇ ಮಾರಾಟವಾದರೆ. ಆ ಪಾಲನ್ನು ಪ್ರತಿ ಸಲ ಆ ಹೊತ್ತಿನ ಖಾತೆಯಿಂದ ಲೆಕ್ಕ ಹಾಕಿ.’

ಅವರು ಕಾಗದ, ಪೆನ್ನು ತೆಗೆದುಕೊಂಡು 840ರಿಂದ 815 ಕಳೆದರು, 25 ಎಂದು ಬರೆದರು, ಸ್ವಲ್ಪ ಹೊತ್ತು ಸುಮ್ಮನಿದ್ದು 200 ಎಂದರು. ಹಿಂದಿನ ಸಲ ಅವರು 815ನ್ನು ನೋಡಿಯೇ ಇರಲಿಲ್ಲ. ‘ಒಡ್ಡು’ವನ್ನು ಪ್ರೋಗ್ರಾಮಿನ ಗುಂಡಿಗಳ ಮೇಲೆ ಬಳಸುತ್ತೇನೆ ಮೇಷ್ಟ್ರೇ, ಚಿಕ್ಕದಾಗಿದೆ.

ಒಂದು ಉಳಿದಿದೆ. ನಮ್ಮಲ್ಲಿ ಇಬ್ಬರು ನಿಫ್ಟಿ ಫ್ಯೂಚರ್ಸ್ ಮಾಡುತ್ತಾರೆ. ಅಲ್ಲಿ ಬಿಡಿಯಾಗಿ ಅಲ್ಲ, ಲಾಟ್ ಎಂಬ ಗಂಟಿನಲ್ಲೇ ಕೊಳ್ಳಬೇಕು. ಒಂದು ಲಾಟಿನಲ್ಲಿ 75 ಎಂದಿಟ್ಟುಕೊಂಡು, ಸ್ಟಾಪ್ 100 ಅಂಕ ದೂರವಿದ್ದರೆ ಒಂದು ಲಾಟಿಗೇ 7,500 ಹೋಗುತ್ತದೆ. ನಮ್ಮ ಪಾಲು 5,000. ಭಾಗಿಸಿದರೆ ಒಂದಕ್ಕಿಂತ ಕಡಿಮೆ, ಪೂರ್ಣಾಂಕಕ್ಕೆ ಇಳಿಸಿದರೆ ಸೊನ್ನೆ. ಅವರಲ್ಲೊಬ್ಬರ ಹಳೆಯ ಪ್ರೋಗ್ರಾಮ್ ತೆರೆದು ನೋಡಿದರೆ ಈ ಸಾಲಿತ್ತು:

```python
lots = max(1, int(equity * 0.01 / (points * 75)))
```

ಸೊನ್ನೆ ಬಂದಾಗಲೆಲ್ಲ ಅದು ಒಂದು ಲಾಟ್ ಕೊಳ್ಳುತ್ತಿತ್ತು. ಸ್ಟಾಪ್ 240 ಅಂಕ ದೂರವಿದ್ದ ದಿನವೂ ಕೊಂಡಿತ್ತು, 18,000 ರೂಪಾಯಿ ಒಡ್ಡಿ, ಅಂದರೆ ಶೇಕಡಾ 3.6. ‘ಸೊನ್ನೆ ಬಂದರೆ ಪ್ರೋಗ್ರಾಮ್ ಕೆಟ್ಟಿದೆ ಅನ್ಕೋತೀವಿ, ಅದಕ್ಕೇ ಹಾಕಿದ್ದು’ ಎಂದರು. `max(1, ...)` ತೆಗೆಸಿದೆ. ಈಗ ಸೊನ್ನೆ ಬಂದಾಗ ತೆರೆಯ ಮೇಲೆ ಒಂದು ಮಾತು ಕಾಣಿಸಬೇಕು. ‘ದೋಷ’ ಎಂದರೆ ಮತ್ತೆ ಯಾರಾದರೂ ಸರಿಪಡಿಸಲು ಹೊರಡುತ್ತಾರೆ. ‘ಸೊನ್ನೆ’ ಎಂದಷ್ಟೇ ಬಿಟ್ಟರೂ ಹಾಗೇ. ‘ಈ ಖಾತೆಗೆ ಇದು ದೊಡ್ಡದು, ಕೊಳ್ಳಲಿಲ್ಲ’ ಎಂದು ತಾತ್ಕಾಲಿಕವಾಗಿ ಹಾಕಿದ್ದೇನೆ.

ಎಚ್‌ಎಸ್‌ಆರ್ ಬಡಾವಣೆಯಿಂದ

‘ದೊಡ್ಡದು’ ಎಂದರೆ ಲಾಟ್ ದೊಡ್ಡದೋ, ಸ್ಟಾಪಿನ ದೂರ ದೊಡ್ಡದೋ ತಿಳಿಯುವುದಿಲ್ಲ. ಓದಿದವರು ಸ್ಟಾಪನ್ನು ಹತ್ತಿರಕ್ಕೆ ಎಳೆದು ಒಂದು ಲಾಟ್ ಬರುವಂತೆ ಮಾಡಿಕೊಳ್ಳುತ್ತಾರೆ. 66 ಅಂಕಕ್ಕೆ ಎಳೆದರೆ 4,950, ಲೆಕ್ಕ ಕೂಡಿಬಿಡುತ್ತದೆ. ಆ ದಾರಿ ಮುಚ್ಚುವ ಮಾತು ಬೇಕು, ನನಗಿನ್ನೂ ಹೊಳೆದಿಲ್ಲ.